ಅಪಾರ್ಟ್‌ಮೆಂಟಿನಲ್ಲಿ ತಿಂಗಳ ಗಿಡ ವಿನಿಮಯ: ಸಭೆಯಲ್ಲಿ ಆಡಬೇಕಾದ ಮಾತು, ಕಡ್ಡಿ ಮತ್ತು ಕ್ವಾರಂಟೈನ್ ನಿಯಮಗಳು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಿಯೂ ಗಿಡ ವಿನಿಮಯವನ್ನು ಹೊಸದಾಗಿ ಶುರು ಮಾಡಬೇಕಾಗಿಲ್ಲ, ಅದು ಆಗಲೇ ನಡೆಯುತ್ತಿರುತ್ತದೆ. ಎರಡನೇ ಮಹಡಿಯ ದೊಡ್ಡಪತ್ರೆ ಐದನೇ ಮಹಡಿಗೆ ಹೋಗಿರುತ್ತದೆ. ಬ್ರಹ್ಮಕಮಲದ ಒಂದು ಎಲೆ ಇಡೀ ಬ್ಲಾಕನ್ನು ಸುತ್ತಿರುತ್ತದೆ. ಅದರ ಜೊತೆಗೇ, ಎಲೆಸಂದುಗಳಲ್ಲಿ ಬಿಳಿ ಹತ್ತಿಯಂತೆ ಕೂತು ರಸ ಹೀರುವ ಹಿಟ್ಟು ತಿಗಣೆಯೂ ಮನೆಯಿಂದ ಮನೆಗೆ ನಡೆದಿರುತ್ತದೆ, ಯಾರಿಂದ ಯಾರಿಗೆ ಬಂತು ಎಂದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಸಂಘದ ಹೆಸರಿನಲ್ಲಿ ತಿಂಗಳಿಗೊಮ್ಮೆ ಮೇಜು ಹಾಕಿ ಎಲ್ಲರನ್ನೂ ಕರೆದರೆ ಗಿಡಗಳ ಓಡಾಟ ಹೆಚ್ಚುತ್ತದೆ, ಕೀಟಗಳ ಓಡಾಟವೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಶುರು ಮಾಡುವವರು ಮೊದಲ ಸಭೆಯಲ್ಲಿಯೇ ನಿಯಮಗಳನ್ನು ಹೇಳಿಬಿಡಬೇಕು. ಎರಡು ತಿಂಗಳು ಕಳೆದ ಮೇಲೆ ಹೇಳಿದರೆ ಯಾರದೋ ಗಿಡದ ಮೇಲೆ ದೂರು ಹೇಳಿದಂತಾಗುತ್ತದೆ.

ಈ ಮಾರ್ಗದರ್ಶಿಯ ನಿಯಮಗಳೆಲ್ಲ ಒಂದೇ ಲೆಕ್ಕದಿಂದ ಹುಟ್ಟಿವೆ. ಬೆಂಗಳೂರಿನ ಹವೆಯಲ್ಲಿ ಹಿಟ್ಟು ತಿಗಣೆಯ ಮೊಟ್ಟೆಯೊಡೆದು, ಮರಿ ಬೆಳೆದು, ಮೈಮೇಲೆ ಬಿಳಿ ಮೇಣ ಕಟ್ಟಿ ಕಣ್ಣಿಗೆ ಕಾಣುವಂತಾಗಲು ಎರಡರಿಂದ ಮೂರು ವಾರ ಹಿಡಿಯುತ್ತದೆ. ಸುಲಭವಾಗಿ ಹತ್ತುವ ಗಿಡಗಳ ಕಡ್ಡಿಗೆ ಬೇರು ಬರಲೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ಹಾಗಾಗಿ ಈ ತಿಂಗಳ ವಿನಿಮಯ ಮುಗಿದ ವಾರದಲ್ಲಿ ಕಡ್ಡಿ ಕತ್ತರಿಸಿ ನೆಟ್ಟು, ಮುಂದಿನ ವಿನಿಮಯಕ್ಕೆ ಬೇರು ಬಂದ ಸಸಿಯನ್ನು ತಂದರೆ, ಕೊಡುವವರ ಮನೆಯಲ್ಲಿಯೇ ಒಂದು ಕ್ವಾರಂಟೈನ್ ಮುಗಿದಿರುತ್ತದೆ. ತೆಗೆದುಕೊಂಡವರು ಇನ್ನೂ ಮೂರು ವಾರ ಬೇರೆ ಇಟ್ಟರೆ ಎರಡನೆಯದೂ ಮುಗಿಯುತ್ತದೆ, ಆಮೇಲೂ ಮುಂದಿನ ವಿನಿಮಯಕ್ಕೆ ಒಂದು ವಾರ ಉಳಿದಿರುತ್ತದೆ. ಹದಿನೈದು ದಿನಕ್ಕೊಮ್ಮೆ ಮೇಜು ಹಾಕೋಣ ಎಂದು ಉತ್ಸಾಹಿಗಳು ಕೇಳಿಯೇ ಕೇಳುತ್ತಾರೆ. ಒಪ್ಪಬೇಡಿ. ತಿಂಗಳ ಅಂತರ ಹೋದರೆ ಈ ಲೆಕ್ಕವೇ ಕುಸಿಯುತ್ತದೆ.

ಸಭೆಗೆ ಮುನ್ನ

ಒಂದು ದಿನವನ್ನು ನಿಗದಿ ಮಾಡಿ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಎಂದರೆ ನೆನಪಿಡುವುದು ಸುಲಭ. ಮೇಜನ್ನು ಬಿಸಿಲಿನಲ್ಲಿ ಹಾಕದೆ ನೆರಳಿನಲ್ಲಿ ಹಾಕಿ, ಆದರೆ ಬೆಳಕು ಚೆನ್ನಾಗಿರಲಿ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ಎಲೆಯಡಿಯ ನುಸಿ ಕಾಣುವುದಿಲ್ಲ. ಇಬ್ಬರು ತಪಾಸಣೆಗೆ, ಯಾವ ಸಸಿ ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಎಂದು ಪುಸ್ತಕದಲ್ಲಿ ಬರೆಯಲು ಒಬ್ಬರು ಬೇಕು. ಸಾಮಾನೆಂದರೆ ಒಂದು ಭೂತಗನ್ನಡಿ, ಬಿಳಿ ಹಾಳೆಗಳು, ಔಷಧದ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್, ಹತ್ತಿ ಮತ್ತು ಒಂದು ನೋಟ್‌ಬುಕ್.

ಭಾಷಣಕ್ಕೆ ಹೋಗುವಾಗ ಒಂದು ಪ್ರದರ್ಶನ ವಸ್ತುವನ್ನು ಜೊತೆಗೊಯ್ಯಿರಿ. ಹಿಟ್ಟು ತಿಗಣೆ ಹತ್ತಿದ ದಾಸವಾಳದ ತುದಿಯೊಂದನ್ನು ಗಾಜಿನ ಸೀಸೆಯಲ್ಲಿ ಹಾಕಿ ಮುಚ್ಚಳ ಬಿಗಿದು ತನ್ನಿ. ಅದಕ್ಕಾಗಿ ಊರೆಲ್ಲ ಹುಡುಕಬೇಕಾಗಿಲ್ಲ, ನಿಮ್ಮ ಬಡಾವಣೆಯ ಬೇಲಿಸಾಲಿನಲ್ಲಿಯೇ ಸಿಗುತ್ತದೆ. ಸೀಸೆ ಕೈಯಿಂದ ಕೈಗೆ ದಾಟುವಾಗ ಅರ್ಧ ಸಭೆ “ಅಯ್ಯೋ, ಇದು ನಮ್ಮ ಮನೆಯಲ್ಲೂ ಇದೆ” ಎನ್ನುತ್ತದೆ. ಆಮೇಲೆ ನಿಯಮಗಳ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐದಾರು ನಿಮಿಷದ ಮಾತು

ಕೆಳಗಿನ ಮಾತನ್ನು ಇದ್ದ ಹಾಗೆಯೇ ಓದಬಹುದು, ಹೆಸರು ಮತ್ತು ದಿನ ಬದಲಿಸಿಕೊಂಡರೆ ಸಾಕು. ಸಭೆಯಲ್ಲಿ ಬೇರೆ ಭಾಷೆಯವರೂ ಇದ್ದರೆ ಪ್ರತಿ ಭಾಗದ ಕೊನೆಗೆ ನಿಲ್ಲಿಸಿ, ಯಾರಾದರೂ ಅನುವಾದಿಸಲಿ.

“ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳ ಮೊದಲ ಭಾನುವಾರದಿಂದ ನಮ್ಮಲ್ಲಿ ಗಿಡ ವಿನಿಮಯ ಶುರುವಾಗುತ್ತಿದೆ. ಒಂದು ಸಸಿ ತಂದವರು ಒಂದು ಸಸಿ ಒಯ್ಯಬಹುದು. ಹಣದ ವ್ಯವಹಾರ ಇಲ್ಲ. ಮೊದಲ ಸಲ ತರಲು ಏನೂ ಇಲ್ಲದವರು ಬರಿಗೈಯಲ್ಲಿ ಬನ್ನಿ. ಎಲ್ಲರೂ ಆರಿಸಿಕೊಂಡ ಮೇಲೆ ಉಳಿದದ್ದರಲ್ಲಿ ಒಂದನ್ನು ಒಯ್ದು, ಮುಂದಿನ ತಿಂಗಳುಗಳಲ್ಲಿ ಒಂದನ್ನು ಹಿಂದಿರುಗಿಸಿ.

“ಈಗ ಈ ಸೀಸೆಯನ್ನು ನೋಡಿ, ಪಕ್ಕದವರಿಗೆ ದಾಟಿಸಿ. ಮುಚ್ಚಳ ತೆರೆಯಬೇಡಿ. ಒಳಗೆ ಹತ್ತಿಯಂತೆ ಕಾಣುತ್ತಿರುವುದು ಹಿಟ್ಟು ತಿಗಣೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮರಿಗಳು ಎಷ್ಟು ಸಣ್ಣವೆಂದರೆ ಗಾಳಿಯಲ್ಲಿ ತೇಲಿ ಪಕ್ಕದ ಬಾಲ್ಕನಿಗೆ ಹೋಗುತ್ತವೆ, ನಮ್ಮ ತೋಳಿನ ಬಟ್ಟೆಗೂ ಅಂಟುತ್ತವೆ. ಪಪ್ಪಾಯಿಯ ಹಿಟ್ಟು ತಿಗಣೆ ಮಧ್ಯ ಅಮೆರಿಕದ ಕಡೆಯದು. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಅಲ್ಲಿಂದ ಕರ್ನಾಟಕಕ್ಕೂ ಬಂದು ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳಗಳನ್ನು ಹಿಡಿಯಿತು. ಎಷ್ಟೋ ದೂರದಿಂದ ಬಂದ ಕೀಟಕ್ಕೆ ನಮ್ಮ ನಾಲ್ಕು ಮಹಡಿ ಹತ್ತುವುದು ಕಷ್ಟವಲ್ಲ. ನಾವೇ ಕುಂಡದಲ್ಲಿಟ್ಟು ಲಿಫ್ಟಿನಲ್ಲಿ ಕರೆದೊಯ್ದರೆ ಅದರ ಕೆಲಸ ಇನ್ನೂ ಸುಲಭ.

“ಅದಕ್ಕಾಗಿ ನಾಲ್ಕು ನಿಯಮಗಳು. ಮೊದಲನೆಯದು, ಮೇಜಿಗೆ ಬರುವುದು ಬೇರು ಬಂದ ಕಡ್ಡಿ ಮಾತ್ರ. ಹಳೆಯ ಕುಂಡ, ಬೆಳೆದ ಗಿಡ, ಈಗಷ್ಟೇ ಮುರಿದು ತಂದ ರೆಂಬೆ ಬೇಡ. ಎರಡನೆಯದು, ನೆಲದ ಮಣ್ಣು ಬೇಡ. ಹೊಸ ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೋಕೊಪೀಟ್‌ನಲ್ಲಿ ಅಥವಾ ನೀರಿನಲ್ಲಿ ಬೇರು ಬರಿಸಿ ತನ್ನಿ. ಮೂರನೆಯದು, ಪ್ರತಿ ಸಸಿಗೂ ಚೀಟಿ ಇರಬೇಕು. ಗಿಡದ ಹೆಸರು, ಕಡ್ಡಿ ಕತ್ತರಿಸಿದ ದಿನ, ಮನೆ ಸಂಖ್ಯೆ, ಏನಾದರೂ ಸಿಂಪಡಿಸಿದ್ದರೆ ಅದರ ಹೆಸರು. ನಾಲ್ಕನೆಯದು, ಮನೆಗೆ ಒಯ್ದ ಸಸಿಯನ್ನು 21 ದಿನ ನಿಮ್ಮ ಬೇರೆ ಗಿಡಗಳಿಂದ ದೂರವಿಡಿ. ಆ ಅವಧಿಯಲ್ಲಿ ಅದರಿಂದ ಕಡ್ಡಿ ತೆಗೆಯಬೇಡಿ, ಇನ್ನೊಬ್ಬರಿಗೆ ಕೊಡಬೇಡಿ.

“ಮೇಜಿನ ಬಳಿ ಇಬ್ಬರು ಸಸಿಗಳನ್ನು ನೋಡುತ್ತಾರೆ. ಕೀಟ ಕಂಡರೆ ಸಸಿ ನಿಮ್ಮಲ್ಲಿಯೇ ಉಳಿಯುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ, ಬಿಸಿಲು ಗಾಳಿ ಇರುವ ಪ್ರತಿ ಬಾಲ್ಕನಿಯಲ್ಲಿಯೂ ಒಂದಲ್ಲ ಒಂದು ದಿನ ಕೀಟ ಬರುತ್ತದೆ. ಅದನ್ನು ಮುಚ್ಚಿಟ್ಟರೆ ಮಾತ್ರ ಉಳಿದವರಿಗೆ ತೊಂದರೆ. ಮನೆಗೆ ಒಯ್ದ ಮೇಲೆ ಕೀಟ ಕಂಡರೆ ಪುಸ್ತಕ ಬರೆಯುವವರಿಗೆ ಆ ದಿನವೇ ತಿಳಿಸಿ. ಗುಂಪಿನಲ್ಲಿ ಎಲ್ಲರೆದುರು ಹಾಕಬೇಡಿ. ಅದೇ ತಾಯಿಗಿಡದ ಕಡ್ಡಿ ಪಡೆದ ಮನೆಗಳಿಗೆ ಮಾತ್ರ ಅವರು ಕರೆ ಮಾಡುತ್ತಾರೆ.

“ಇನ್ನೊಂದು ಮಾತು. ಕದ್ದು ತಂದ ಕಡ್ಡಿ ಚೆನ್ನಾಗಿ ಹತ್ತುತ್ತದೆ ಎಂದು ಹಿರಿಯರು ಹೇಳುವುದುಂಟು. ನಮ್ಮ ಸಮುದಾಯದ ತೋಟದಿಂದ ಯಾರೂ ಕದಿಯಬೇಕಾಗಿಲ್ಲ. ಮಾಲಿಯವರನ್ನು ಕೇಳಿ, ಅವರೇ ಸರಿಯಾದ ರೆಂಬೆ ಕತ್ತರಿಸಿ ಕೊಡುತ್ತಾರೆ. ಈ ವಾರವೇ ನಿಮ್ಮ ಕಡ್ಡಿ ನೆಡಿ. ಮುಂದಿನ ತಿಂಗಳು ಮೇಜಿನ ಬಳಿ ಸಿಗೋಣ.”

ಪ್ರಶ್ನೆಗಳಿಗೆ ಹತ್ತು ನಿಮಿಷ ಬಿಡಿ. ಸಾಮಾನ್ಯವಾಗಿ ಬರುವ ಮೊದಲ ಪ್ರಶ್ನೆ, ಮಣ್ಣೇಕೆ ಬೇಡ ಎಂಬುದು. ಉತ್ತರ ಹೀಗಿರಲಿ: ಮಣ್ಣಿನೊಳಗಿನದನ್ನು ಮೇಜಿನ ಬಳಿ ಯಾರೂ ತಪಾಸಣೆ ಮಾಡಲಾರರು. ಬೇರುಗಂಟು ಉಂಟುಮಾಡುವ ಜಂತುಹುಳು ಕಣ್ಣಿಗೆ ಕಾಣುವುದಿಲ್ಲ. ಬೇರಿಗೆ ಹತ್ತುವ ಹಿಟ್ಟು ತಿಗಣೆ ಕುಂಡ ಬೋರಲು ಹಾಕಿದರಷ್ಟೇ ಕಾಣುತ್ತದೆ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಹರಿದಾಡುವ ದೊಡ್ಡ ಆಫ್ರಿಕನ್ ಬಸವನಹುಳು ಮಣ್ಣಿನಲ್ಲಿ ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಸಣ್ಣ ಬಟಾಣಿಯ ಗಾತ್ರದ ತಿಳಿಹಳದಿ ಮೊಟ್ಟೆಗಳು. ನೆಲಮಹಡಿಯ ತೋಟದ ಒಂದು ಬೊಗಸೆ ಮಣ್ಣು ಅವುಗಳನ್ನು ಏಳನೇ ಮಹಡಿಯ ತಾರಸಿಗೆ ತಲುಪಿಸಬಲ್ಲದು. ಆ ಹುಳುವನ್ನು ಬರಿಗೈಯಲ್ಲಿ ಮುಟ್ಟಬಾರದು ಎಂಬುದನ್ನೂ ಮಕ್ಕಳಿರುವ ಮನೆಯವರಿಗೆ ಹೇಳಿಬಿಡಿ, ಅದು ಮನುಷ್ಯರಿಗೆ ರೋಗ ತರುವ ಪರೋಪಜೀವಿ ಹುಳುಗಳನ್ನು ಹೊತ್ತಿರಬಹುದು.

ಕಡ್ಡಿ ತೆಗೆಯುವ ಕ್ರಮ

ಕತ್ತರಿ ಹಿಡಿಯುವ ಮುನ್ನ ತಾಯಿಗಿಡವನ್ನು ನೋಡಿ. ನಿಯಮಗಳಲ್ಲಿ ಹೆಚ್ಚು ಫಲ ಕೊಡುವುದು ಇದೇ, ಜನ ಬಿಟ್ಟುಬಿಡುವುದೂ ಇದನ್ನೇ. ಎಲೆಯನ್ನು ಮಗುಚಿ ಅಡಿಭಾಗ ನೋಡಬೇಕು. ಎಲೆ ಕಾಂಡಕ್ಕೆ ಸೇರುವ ಸಂದುಗಳಲ್ಲಿ ಬಿಳಿ ಹತ್ತಿ ಇದೆಯೇ ಎಂದು ಹುಡುಕಬೇಕು. ಕಾಂಡದ ಮೇಲೆ ಕಂದು ಬಣ್ಣದ ಉಬ್ಬುಗಳಿದ್ದರೆ ಉಗುರಿನಿಂದ ಕೆರೆದು ನೋಡಿ, ಕಿತ್ತು ಬಂದರೆ ಅದು ಶಲ್ಕ ಕೀಟ. ಎಲೆ ಅಂಟಂಟಾಗಿದ್ದರೆ, ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದರೆ, ರಸ ಹೀರುವ ಕೀಟ ಎಲ್ಲೋ ಇದೆ ಎಂದೇ ಅರ್ಥ. ಇರುವೆ ಅದರ ಸಿಹಿ ಸ್ರಾವಕ್ಕಾಗಿ ಬರುತ್ತದೆ, ಅದರ ಮರಿಗಳನ್ನು ಹೊತ್ತು ಬೇರೆ ಕುಂಡಕ್ಕೂ ಸಾಗಿಸುತ್ತದೆ. ಇಂಥ ಗಿಡದಿಂದ ಆ ತಿಂಗಳು ಕಡ್ಡಿ ತೆಗೆಯಬೇಡಿ.

ಕತ್ತರಿಯ ಅಲಗನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಒರೆಸಿ. ಅಪಾರ್ಟ್‌ಮೆಂಟಿನಲ್ಲಿ ಮಾಲಿಯವರ ಕತ್ತರಿ ಒಂದೇ ದಿನ ಎಂಟು ಹತ್ತು ಮನೆ ತಿರುಗುತ್ತದೆ. ಅವರಿಗೊಂದು ಸಣ್ಣ ಸೀಸೆ ಸ್ಪಿರಿಟ್ ಮತ್ತು ಹತ್ತಿಯನ್ನು ಸಂಘದ ಖರ್ಚಿನಲ್ಲಿಯೇ ಕೊಡಿಸಿ, ಮನೆ ಬದಲಾದಾಗಲೆಲ್ಲ ಒರೆಸಲು ಹೇಳಿ. ಯಾವ ಕೀಟನಾಶಕಕ್ಕಿಂತಲೂ ಇದು ಹೆಚ್ಚು ಉಪಯೋಗದ ಖರ್ಚು.

ಇನ್ನು ಕತ್ತರಿಸುವುದು. ಮನಿಪ್ಲಾಂಟ್, ವೀಳ್ಯದೆಲೆ, ದೊಡ್ಡಪತ್ರೆ, ತುಳಸಿಯಂಥ ಮೆತ್ತನೆ ಕಾಂಡದ ಗಿಡಗಳಲ್ಲಿ ಎರಡು ಮೂರು ಗಿಣ್ಣುಗಳಿರುವ, ಸುಮಾರು ನಾಲ್ಕು ಇಂಚಿನ ತುದಿ ಸಾಕು. ದಾಸವಾಳ, ಮಲ್ಲಿಗೆಯಂಥವಕ್ಕೆ ತೀರಾ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ರೆಂಬೆ ಬೇಕು. ದಾಸವಾಳದ್ದಾದರೆ ಪೆನ್ಸಿಲ್ ದಪ್ಪ, ಆರು ಇಂಚು ಉದ್ದ. ಕೆಳತುದಿಯನ್ನು ಗಿಣ್ಣಿಗೆ ಸ್ವಲ್ಪವೇ ಕೆಳಗೆ ಕತ್ತರಿಸಿ, ಬೇರು ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತದೆ. ಮೊಗ್ಗು ಹೂಗಳನ್ನು ಚಿವುಟಿ, ಕೆಳಗಿನ ಎಲೆಗಳನ್ನು ತೆಗೆದು, ಮೇಲೆ ಎರಡು ಎಲೆ ಮಾತ್ರ ಉಳಿಸಿ. ಎಲೆ ದೊಡ್ಡದಿದ್ದರೆ ಅರ್ಧಕ್ಕೆ ಕತ್ತರಿಸಿ. ಎಲೆ ಕಡಿಮೆಯಾದಷ್ಟೂ ನೀರು ಆವಿಯಾಗುವುದು ಕಡಿಮೆ, ಕೀಟ ಅವಿತುಕೊಳ್ಳುವ ಸಂದುಗಳೂ ಕಡಿಮೆ.

ನೆಡುವ ಮುನ್ನ ಕಡ್ಡಿಗೆ ಸ್ನಾನ ಮಾಡಿಸಿ. ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ, ಅಂದರೆ ಸುಮಾರು 5 ಮಿಲಿಲೀಟರ್ ಸೌಮ್ಯವಾದ ದ್ರವ ಸಾಬೂನು ಬೆರೆಸಿ, ಕಡ್ಡಿಯನ್ನು ಪೂರ್ತಿ ಮುಳುಗಿಸಿ ಒಂದೆರಡು ನಿಮಿಷ ಬಿಟ್ಟು, ಸ್ವಚ್ಛ ನೀರಿನಲ್ಲಿ ತೊಳೆಯಿರಿ. ಮೇಣವಿಲ್ಲದ ಮರಿಗಳು, ನುಸಿಗಳು, ಗಿಡಹೇನುಗಳು ಇದರಿಂದ ಬಹುಮಟ್ಟಿಗೆ ಹೋಗುತ್ತವೆ. ಹಿಟ್ಟು ತಿಗಣೆ ಮೇಣದ ಚೀಲದೊಳಗೆ ಇಟ್ಟ ಮೊಟ್ಟೆಗಳು ಹೋಗುವುದಿಲ್ಲ. ಅವಕ್ಕಾಗಿಯೇ ಮುಂದಿನ ಮೂರು ವಾರದ ಕಾವಲು.

ಹೊಸ ಕೋಕೊಪೀಟನ್ನು ಒದ್ದೆ ಮಾಡಿ, ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳುವಂತಿರುವಾಗ, ತಳದಲ್ಲಿ ತೂತು ಮಾಡಿದ ಕಾಗದದ ಅಥವಾ ಮೊಸರಿನ ಲೋಟಕ್ಕೆ ತುಂಬಿ, ಎರಡು ಇಂಚಿನಷ್ಟು ಆಳಕ್ಕೆ ಕಡ್ಡಿ ನೆಡಿ. ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿದರೆ ತೇವ ನಿಲ್ಲುತ್ತದೆ, ಹೊರಗಿನ ಕೀಟವೂ ಬರುವುದಿಲ್ಲ. ನೇರ ಬಿಸಿಲಿಗೆ ಮಾತ್ರ ಇಡಬೇಡಿ, ಚೀಲದೊಳಗೆ ಕಡ್ಡಿ ಬೆಂದುಹೋಗುತ್ತದೆ. ದಿನಕ್ಕೊಮ್ಮೆ ಚೀಲ ತೆರೆದು ಗಾಳಿಯಾಡಿಸಿ. ಆಗಲೇ ಎಲೆಸಂದುಗಳನ್ನು ನೋಡಿಬಿಡಿ. ಬ್ರಹ್ಮಕಮಲದ ಎಲೆಗೆ ಈ ಕ್ರಮ ಹಿಡಿಸುವುದಿಲ್ಲ. ಅದರ ಕತ್ತರಿಸಿದ ತುದಿಯನ್ನು ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ ಆಮೇಲೆ ನೆಡಬೇಕು, ಚೀಲ ಹೊದಿಸಬಾರದು. ಇಲ್ಲದಿದ್ದರೆ ಕೊಳೆಯುತ್ತದೆ.

ನೀರಿನಲ್ಲಿ ಬೇರು ಬರಿಸುವವರಿಗೆ ಒಂದು ಕಟ್ಟುನಿಟ್ಟಿನ ಮಾತು ಹೇಳಲೇಬೇಕು. ಕಿಟಕಿಯ ಸಾಲು ಸೀಸೆಗಳಲ್ಲಿ ನಿಂತ ತಿಳಿನೀರು ಡೆಂಗಿ ಹರಡುವ ಸೊಳ್ಳೆಗೆ ಬೇಕಾದ ಜಾಗವೇ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ವಾರಕ್ಕೆ ಎರಡು ಸಲ ನೀರು ಚೆಲ್ಲಿ, ಸೀಸೆಯ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ. ಮೊಟ್ಟೆ ಗೋಡೆಗೆ ಅಂಟಿರುವುದರಿಂದ ನೀರು ಬದಲಿಸಿದರಷ್ಟೇ ಸಾಲದು. ಸೀಸೆಯ ಬಾಯಿಗೆ ಹತ್ತಿ ತುರುಕಿದರೆ ಇನ್ನೂ ಒಳ್ಳೆಯದು.

ಎಲ್ಲ ಗಿಡವೂ ಒಂದೇ ತಿಂಗಳಲ್ಲಿ ತಯಾರಾಗುವುದಿಲ್ಲ. ದೊಡ್ಡಪತ್ರೆ, ತುಳಸಿ ಎರಡು ವಾರದಲ್ಲಿ ಬೇರು ಬಿಟ್ಟಿರುತ್ತವೆ, ಮನಿಪ್ಲಾಂಟ್ ಮೂರು ವಾರದಲ್ಲಿ. ದಾಸವಾಳ, ಮಲ್ಲಿಗೆಗಳಿಗೆ ಆರರಿಂದ ಎಂಟು ವಾರ ಬೇಕು, ಡಿಸೆಂಬರ್ ಚಳಿಯಲ್ಲಿ ಇನ್ನೂ ನಿಧಾನ. ಇವುಗಳನ್ನು ಎರಡು ತಿಂಗಳ ಗಿಡಗಳೆಂದು ಪುಸ್ತಕದಲ್ಲಿಯೇ ಬರೆದಿಡಿ. ಚಿಗುರು ಕಂಡ ಮಾತ್ರಕ್ಕೆ ಬೇರು ಬಂದಿದೆ ಎನ್ನುವಂತಿಲ್ಲ, ಕಡ್ಡಿಯಲ್ಲಿ ಉಳಿದ ಸತ್ವದಿಂದಲೇ ಚಿಗುರುವುದುಂಟು. ಕಡ್ಡಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ. ಹಿಡಿದುಕೊಂಡಿದ್ದರೆ ಬೇರು ಬಂದಿದೆ.

ಮೇಜಿನ ಬಳಿಯ ತಪಾಸಣೆ

ಒಂದು ಸಸಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಚೀಟಿ ಓದಿ ಕತ್ತರಿಸಿದ ದಿನಕ್ಕೆ 21 ದಿನವಾದರೂ ಆಗಿದೆಯೇ ನೋಡಿ. ಎಲೆಯಡಿ, ಎಲೆಸಂದು, ಲೋಟದ ತಳದ ತೂತು, ಈ ಮೂರನ್ನು ಭೂತಗನ್ನಡಿಯಲ್ಲಿ ನೋಡಿ. ಆಮೇಲೆ ಬಿಳಿ ಹಾಳೆಯನ್ನು ಎಲೆಯ ಕೆಳಗೆ ಹಿಡಿದು ಎರಡು ಮೂರು ಸಲ ತಟ್ಟಿ. ಉದುರಿದ ಚುಕ್ಕೆಗಳು ಅರ್ಧ ನಿಮಿಷದಲ್ಲಿ ಹರಿದಾಡತೊಡಗಿದರೆ ನುಸಿ ಇದೆ. ಬೆರಳಿನಿಂದ ಒರೆಸಿದಾಗ ಕೆಂಪು ಅಥವಾ ಹಸಿರು ಗೆರೆ ಮೂಡಿದರೆ ಅದು ಜೇಡ ನುಸಿ. ಉದ್ದನೆಯ, ಗೀಟಿನಂಥ ಚುಕ್ಕೆಗಳಾದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ. ಮಾರ್ಚ್‌ನಿಂದ ಮೇ ತನಕ, ಒಣಹವೆಯಲ್ಲಿ, ಈ ಹಾಳೆ ಪರೀಕ್ಷೆಯನ್ನು ಬಿಡಲೇಬೇಡಿ. ಮಳೆಗಾಲದಲ್ಲಿ ಕಾಂಡದ ಬುಡ ಕಪ್ಪಾಗಿ ಮೆತ್ತಗಾಗಿದೆಯೇ ಎಂಬುದರ ಮೇಲೆ ಹೆಚ್ಚು ಕಣ್ಣಿಡಿ.

ಹಿಂದಿರುಗಿಸುವಾಗ ಮಾತು ಮೃದುವಾಗಿರಲಿ. ಮೂವತ್ತು ವರ್ಷದಿಂದ ಗಿಡ ಬೆಳೆಸಿದ ಹಿರಿಯರೊಬ್ಬರ ಕೈಯಲ್ಲಿ ನುಸಿ ಹತ್ತಿದ ಸಸಿ ಇರಬಹುದು. “ಅಮ್ಮ, ಈ ಸಸಿ ಇನ್ನೊಂದು ತಿಂಗಳು ನಿಮ್ಮ ಹತ್ತಿರವೇ ಇರಲಿ, ಎಲೆಯಡಿ ಸ್ವಲ್ಪ ನುಸಿ ಕಾಣುತ್ತಿದೆ. ಇವತ್ತು ನಿಮಗೆ ಬೇಕಾದ ಗಿಡ ಒಯ್ಯಿರಿ, ಮುಂದಿನ ಸಲ ಇದನ್ನೇ ತನ್ನಿ” ಎಂದು ಹೇಳಿ ಹಾಳೆಯನ್ನು ಅವರಿಗೇ ತೋರಿಸಿ. ಸಸಿ ಹಿಂದಿರುಗಿದರೂ ಅವರು ಬರಿಗೈಯಲ್ಲಿ ಹೋಗಬಾರದು. ಈ ಒಂದು ರಿಯಾಯಿತಿ ಇಲ್ಲದಿದ್ದರೆ ಜನ ತಪಾಸಣೆಯನ್ನು ತಪ್ಪಿಸಿಕೊಂಡು ಮೆಟ್ಟಿಲ ಬಳಿ ಗಿಡ ಬದಲಿಸಿಕೊಳ್ಳಲು ಶುರು ಮಾಡುತ್ತಾರೆ.

ಕಣಗಿಲೆ, ಡಿಫೆನ್‌ಬಾಕಿಯಾದಂಥ ವಿಷದ ಗಿಡಗಳ ಚೀಟಿಯಲ್ಲಿ ಅದನ್ನು ಕೆಂಪಕ್ಷರದಲ್ಲಿ ಬರೆಯಿಸಿ. ತಿನ್ನುವ ಎಲೆಗಳಿಗೆ, ಅಂದರೆ ದೊಡ್ಡಪತ್ರೆ, ವೀಳ್ಯದೆಲೆ, ಪುದೀನಕ್ಕೆ, ರಾಸಾಯನಿಕ ಕೀಟನಾಶಕ ಹೊಡೆದಿದ್ದರೆ ಮೇಜಿಗೆ ಸೇರಿಸಬೇಡಿ.

ಮನೆಗೆ ಒಯ್ದ ಮೇಲಿನ 21 ದಿನ

ಬೇರೆ ಗಿಡಗಳಿಂದ ಆರು ಅಡಿಯಾದರೂ ದೂರ ಬೇಕು, ಇನ್ನೊಂದು ಕೋಣೆಯ ಕಿಟಕಿಯಾದರೆ ಇನ್ನೂ ಒಳ್ಳೆಯದು. ಒಂದೇ ಬಾಲ್ಕನಿ ಇರುವ ಮನೆಯಲ್ಲಿ ಬೆಳಕಿರುವ ಬಚ್ಚಲುಮನೆಯ ಕಿಟಕಿಯನ್ನೋ ಅಡುಗೆಮನೆಯ ಕಟ್ಟೆಯನ್ನೋ ಬಳಸಿ. ಅದೂ ಇಲ್ಲದಿದ್ದರೆ ಚೀಲ ಹೊದಿಸಿಯೇ ಇಡಿ. ಸಸಿಯ ಕೆಳಗೆ ಬೇರೆ ತಟ್ಟೆ ಇರಲಿ, ಇನ್ನೊಂದು ಕುಂಡದ ತಟ್ಟೆಯನ್ನು ಹಂಚಿಕೊಳ್ಳಬೇಡಿ. ನೀರು ಹಾಕುವಾಗ ಮೊದಲು ನಿಮ್ಮ ಹಳೆಯ ಗಿಡಗಳು, ಕೊನೆಗೆ ಹೊಸದು, ಆಮೇಲೆ ಕೈ ತೊಳೆಯುವುದು. ಈ ಸರದಿ ತಪ್ಪಿದರೆ ಆರಡಿಯ ಅಂತರದಿಂದ ಪ್ರಯೋಜನವಿಲ್ಲ, ಏಕೆಂದರೆ ಕೈಯೇ ಕೀಟವನ್ನು ಹೊತ್ತು ತರುತ್ತದೆ.

ವಾರಕ್ಕೆ ಎರಡು ಸಲ ಎಲೆಸಂದು ನೋಡಿ, ವಾರಕ್ಕೊಮ್ಮೆ ಹಾಳೆ ತಟ್ಟಿ. ಈ ಮೂರು ವಾರ ಗೊಬ್ಬರ ಹಾಕಬೇಡಿ, ದೊಡ್ಡ ಕುಂಡಕ್ಕೆ ಬದಲಿಸಬೇಡಿ. ಬದಲಿಸಿದರೆ ಎಲೆ ಬಾಡಿದ್ದು ಬೇರು ಅಲುಗಿದ್ದಕ್ಕೋ ಕೀಟಕ್ಕೋ ಎಂಬುದು ತಿಳಿಯದೆ ಹೋಗುತ್ತದೆ. ಮುಂಚಿತವಾಗಿ ಏನೂ ಸಿಂಪಡಿಸಲೂ ಬೇಡಿ. ಸಿಂಪಡಣೆ ಕೀಟದ ಸಂಖ್ಯೆಯನ್ನು ಕಣ್ಣಿಗೆ ಕಾಣದಷ್ಟು ತಗ್ಗಿಸಿ, ನಾಲ್ಕನೇ ವಾರದಲ್ಲಿ ನೀವು ಸಸಿಯನ್ನು ಒಳಗೆ ಸೇರಿಸಿದ ಮೇಲೆ ಮತ್ತೆ ಏಳುವಂತೆ ಮಾಡುತ್ತದೆ.

ಹಿಟ್ಟು ತಿಗಣೆ ಕಂಡಾಗ: ಒಂದು ದಾಸವಾಳದ ಉದಾಹರಣೆ

ಮೂರನೇ ಮಹಡಿಯ ಮನೆಯೊಂದು ಜೂನ್ ಮೊದಲ ವಾರದಲ್ಲಿ ಕೆಂಪು ದಾಸವಾಳದ ಐದು ಕಡ್ಡಿ ನೆಟ್ಟಿತು ಎಂದುಕೊಳ್ಳೋಣ. ಎರಡು ತಿಂಗಳ ಗಿಡವಾದ್ದರಿಂದ ಅವು ಆಗಸ್ಟ್ ವಿನಿಮಯಕ್ಕೆ ಬಂದವು. ಒಂದು ಕೊಳೆತು ಹೋಗಿತ್ತು, ಉಳಿದ ನಾಲ್ಕು ತಪಾಸಣೆ ದಾಟಿ ನಾಲ್ಕು ಮನೆಗಳಿಗೆ ಹೋದವು. ಹತ್ತನೇ ದಿನ ಒಬ್ಬರ ಸಸಿಯ ಎಳೆಚಿಗುರಿನ ಸಂದಿಯಲ್ಲಿ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಕಂಡಿತು, ಚಿಗುರು ಮುರುಟಿಕೊಂಡಿತ್ತು.

ಆ ಮನೆಯವರು ಮೊದಲು ಮಾಡಬೇಕಾದ್ದು ಪುಸ್ತಕ ಬರೆಯುವವರಿಗೆ ತಿಳಿಸುವುದು. ಔಷಧ ಆಮೇಲೆ. ಪುಸ್ತಕದಲ್ಲಿ ತಾಯಿಗಿಡದ ಮನೆ ಸಂಖ್ಯೆಯೂ ಉಳಿದ ಮೂರು ಮನೆಗಳ ಸಂಖ್ಯೆಯೂ ಇರುತ್ತವೆ. ನಾಲ್ಕು ಕರೆಗಳಲ್ಲಿ ಕೆಲಸ ಮುಗಿಯುತ್ತದೆ. ಮೂವರೂ ತಮ್ಮ ಸಸಿಯನ್ನು ಅದೇ ದಿನ ನೋಡುತ್ತಾರೆ, ಮೂರನೇ ಮಹಡಿಯವರು ತಾಯಿಗಿಡವನ್ನು ನೋಡುತ್ತಾರೆ. ಮೂರು ಸಸಿಗಳಲ್ಲಿ ಒಂದರಲ್ಲಿ ಬಿಳಿ ಕಂಡು, ತಾಯಿಗಿಡದ ತುದಿಗಳಲ್ಲಿಯೂ ಇದ್ದರೆ ಮೂಲ ಅಲ್ಲಿಯೇ ಇರುವ ಸಂಭವ ಹೆಚ್ಚು. ಬೇರೆಲ್ಲಿಯೂ ಇಲ್ಲದಿದ್ದರೆ, ಕಂಡ ಮನೆಯ ಬಾಲ್ಕನಿಯಲ್ಲಿಯೇ ಮೊದಲಿನಿಂದ ಇದ್ದಿರಬಹುದು, ಅವರು ತಮ್ಮ ಹಳೆಯ ಗಿಡಗಳನ್ನು ಪರೀಕ್ಷಿಸಬೇಕು.

ಚಿಕಿತ್ಸೆ ಹೀಗೆ. ಮುರುಟಿದ ತುದಿಯನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೂರು ನಾಲ್ಕು ದಿನ ಬಿಸಿಲಿನಲ್ಲಿ ಇಟ್ಟು, ಒಣಗಿದ ಮೇಲೆ ಹಸಿ ಕಸಕ್ಕೆ ಹಾಕಿ. ಸಂಘದ ಗೊಬ್ಬರದ ಗುಂಡಿಗೆ ಹಸಿಯಾಗಿ ಎಸೆಯಬೇಡಿ. ಉಳಿದ ಬಿಳಿ ಗುಂಪುಗಳ ಮೇಲೆ ಸ್ಪಿರಿಟ್ ಅದ್ದಿದ ಕಿವಿಹತ್ತಿ ಕಡ್ಡಿಯನ್ನು ಒತ್ತಿ ಒರೆಸಿ. ಮೊದಲು ಒಂದೇ ಎಲೆಯ ಮೇಲೆ ಹಚ್ಚಿ ಒಂದು ದಿನ ನೋಡುವುದು ಕ್ಷೇಮ. ಆಮೇಲೆ ಸಂಜೆ ಹೊತ್ತಿನಲ್ಲಿ ಸಾಬೂನಿನ ನೀರನ್ನು ಎಲೆಯಡಿ ತೊಯ್ಯುವಂತೆ ಸಿಂಪಡಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿರುವ ಬೇವಿನ ಸಾಬೂನು ಸಿಕ್ಕರೆ ಅದನ್ನೇ ಬಳಸಿ, ಪೊಟ್ಟಣದ ಮೇಲಿನ ಪ್ರಮಾಣದಲ್ಲಿ.

ಒಂದೇ ಸಿಂಪಡಣೆಗೆ ಬಿಳಿ ಮಾಯವಾಗುತ್ತದೆ, ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದರೆ ಮೇಣದ ಚೀಲದೊಳಗೆ ಉಳಿದ ಮೊಟ್ಟೆಗಳು ವಾರ, ಹತ್ತು ದಿನದಲ್ಲಿ ಒಡೆದು ಎಲ್ಲ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಏಳನೇ ದಿನ ಮತ್ತು ಹದಿನಾಲ್ಕನೇ ದಿನ ಮತ್ತೆ ಸಿಂಪಡಿಸಬೇಕು. ಕೊನೆಯ ಸಿಂಪಡಣೆಯಿಂದ ಹೊಸದಾಗಿ 21 ದಿನ ಎಣಿಸಬೇಕು. ನಮ್ಮ ಲೆಕ್ಕದಲ್ಲಿ ಈ ಸಸಿ ಉಳಿದ ಗಿಡಗಳ ಜೊತೆ ಸೇರುವುದು ಸೆಪ್ಟೆಂಬರ್ ಮಧ್ಯದ ಹೊತ್ತಿಗೆ. ತಾಯಿಗಿಡ ಅಕ್ಟೋಬರ್ ತನಕ ಕಡ್ಡಿ ಕೊಡುವಂತಿಲ್ಲ.

ತಾಯಿಗಿಡ ನೆಲದ ತೋಟದಲ್ಲಿದ್ದರೆ ಕಡುವಿಷದ ಕೀಟನಾಶಕ ಹೊಡೆಯಲು ಸಂಘದವರು ಮುಂದಾಗಬಹುದು. ತಡೆಯಿರಿ. ಪಪ್ಪಾಯಿ ಹಿಟ್ಟು ತಿಗಣೆಯನ್ನು ನಮ್ಮ ರಾಜ್ಯದಲ್ಲಿ ಹತೋಟಿಗೆ ತಂದದ್ದು 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಬ್ಯೂರೊ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಒಂದು ಪುಟ್ಟ ಪರತಂತ್ರ ಕಣಜ. ಅದು ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಕೊಲ್ಲುತ್ತದೆ. ಕಡುವಿಷ ಹೊಡೆದರೆ ಮೊದಲು ಸಾಯುವುದು ಇಂಥ ಕಣಜಗಳು, ಮೇಣದ ಹೊದಿಕೆಯ ತಿಗಣೆಯಲ್ಲ. ನೆಲದ ಗಿಡಕ್ಕೆ ಜೋರು ನೀರಿನ ಧಾರೆ, ತುದಿ ಸವರುವಿಕೆ ಮತ್ತು ಇರುವೆ ಹತ್ತದಂತೆ ತಡೆ, ಇವಿಷ್ಟರಿಂದ ಶುರು ಮಾಡಿ.

ಕ್ವಾರಂಟೈನ್ ಹಿಡಿಯಲಾರದ್ದು

ವೈರಸ್ ರೋಗಗಳು ಕಡ್ಡಿಯ ರಸದಲ್ಲಿಯೇ ಬರುತ್ತವೆ. 21 ದಿನದಲ್ಲಿ ಎಲೆಯಲ್ಲಿ ಏನೂ ಕಾಣದೆ ಇರಬಹುದು, ಸಾಬೂನು ಸ್ಪಿರಿಟ್‌ಗಳಿಂದ ಅವು ಹೋಗುವುದೂ ಇಲ್ಲ. ಎಲೆಯಲ್ಲಿ ಹಳದಿ ಹಸಿರು ತೇಪೆಗಳು, ಉಂಗುರದ ಗುರುತುಗಳು, ನರಗಳು ಮಾತ್ರ ಹಳದಿಯಾಗುವುದು ಕಂಡರೆ ಆ ಗಿಡದ ಕಡ್ಡಿಯನ್ನು ಯಾವ ತಿಂಗಳೂ ಕೊಡಬೇಡಿ. ಕಬ್ಬಿಣದ ಕೊರತೆಯಲ್ಲಿ ಇದರ ತದ್ವಿರುದ್ಧವಾಗಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುತ್ತದೆ, ಅದೂ ಹೊಸ ಎಲೆಗಳಲ್ಲಿ. ಅದು ಅಂಟುವುದಿಲ್ಲ. ಎರಡರ ನಡುವೆ ಅನುಮಾನ ಬಂದರೆ ಗಿಡವನ್ನು ಎಸೆಯಬೇಕಾಗಿಲ್ಲ, ಮೇಜಿಗೆ ತರದಿದ್ದರೆ ಸಾಕು.

ಪುಸ್ತಕವನ್ನು ಒಂದು ವರ್ಷವಾದರೂ ಉಳಿಸಿ. ಒಂದೇ ಮನೆಯ ತಾಯಿಗಿಡದಿಂದ ಎರಡು ಸಲ ಕೀಟ ಹೋದದ್ದು ಕಂಡರೆ ತಪಾಸಣೆಯವರಲ್ಲಿ ಒಬ್ಬರು, ಮನೆಯವರಿಗೆ ಅನುಕೂಲವಾದ ಹೊತ್ತಿನಲ್ಲಿ, ಭೂತಗನ್ನಡಿ ಹಿಡಿದು ಅವರ ಬಾಲ್ಕನಿಗೇ ಹೋಗಿ ಜೊತೆಗೆ ಕುಳಿತು ಗಿಡಗಳನ್ನು ನೋಡಿಕೊಡಲಿ. ಮೂಲ ಹೆಚ್ಚಾಗಿ ಯಾರೂ ಮುಟ್ಟದ ಮೂಲೆಯ ಕುಂಡವೊಂದರಲ್ಲಿ ಇರುತ್ತದೆ.